ಸೂಪರ್‌ವೈಸರ್‌ಗೆ ಒಟಿ ಯಾಕಿಲ್ಲ, ಮರ್ಯಾದೆ ಉಳಿಸ್ಕೊಂಡು ಕೇಳೋದು ಹೇಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಪೀಣ್ಯದಲ್ಲಿ ಒಂದು ಸಿಎನ್‌ಸಿ ಮಷೀನ್ ಶಾಪ್‌ನಲ್ಲಿ ಹನ್ನೊಂದು ವರ್ಷ ಶಿಫ್ಟ್ ಸೂಪರ್‌ವೈಸರ್ ಆಗಿದ್ದೆ, ಅದಕ್ಕೂ ಮುಂಚೆ ಅಲ್ಲೇ ಆಪರೇಟರ್. ಈಗ ಬೇರೆ ಕಡೆ ಇದ್ದೀನಿ. ಬೊಮ್ಮಸಂದ್ರ, ಜಿಗಣಿ, ಮೈಸೂರು ರೋಡ್ ಕಡೆಯ ಹುಡುಗ್ರು ಫೋನ್ ಮಾಡಿ ಕೇಳೋದು ಹೆಚ್ಚುಕಮ್ಮಿ ಇವೇ ಪ್ರಶ್ನೆಗಳು, ಅದಕ್ಕೆ ಒಂದೇ ಕಡೆ ಬರೆದಿಟ್ಟಿದ್ದೀನಿ.

ನಾನು ಶಿಫ್ಟ್ ಮುಗಿದ್ಮೇಲೆ ಸ್ವಲ್ಪ ಹೊತ್ತು ಇರ್ತೀನಿ ಅಷ್ಟೇ. ಅದನ್ನೂ ಓವರ್‌ಟೈಮ್ ಅಂತಾರಾ?

ಆ "ಸ್ವಲ್ಪ ಹೊತ್ತು" ಎಷ್ಟು ಅಂತ ನೀವು ಯಾವತ್ತಾದ್ರೂ ಕೂಡಿಸಿ ನೋಡಿದ್ದೀರಾ? ನಂದು ಬಿ ಶಿಫ್ಟ್, ಮಧ್ಯಾಹ್ನ 2ರಿಂದ ರಾತ್ರಿ 10. ಆದ್ರೆ ನಾನು ಗೇಟ್ ಒಳಗೆ ಬರ್ತಿದ್ದಿದ್ದು 1:35ಕ್ಕೆ, ಯಾಕಂದ್ರೆ ಎ ಶಿಫ್ಟ್‌ನವನ ಲಾಗ್ ಬುಕ್ ಓದಬೇಕು, ಯಾವ ಮಷೀನ್‌ನಲ್ಲಿ ಸೈಜ್ ಓಡ್ತಿದೆ ಅಂತ ಕೇಳಬೇಕು, ಇಬ್ಬರು ಆಪರೇಟರ್ ರಜೆ ಹಾಕಿದ್ರೆ ಯಾರನ್ನ ಎಲ್ಲಿ ನಿಲ್ಲಿಸೋದು ಅಂತ ಬೆಲ್ ಹೊಡೆಯೋ ಮುಂಚೆನೇ ತೀರ್ಮಾನ ಆಗಿರಬೇಕು. ರಾತ್ರಿ 10ಕ್ಕೆ ಆಪರೇಟರ್‌ಗಳೆಲ್ಲ ಕೈ ತೊಳ್ಕೊಂಡು ಪಂಚ್ ಮಾಡಿ ಹೋಗ್ತಾರೆ, ಸಿ ಶಿಫ್ಟ್ ಸೂಪರ್‌ವೈಸರ್ ಬಸ್ ಲೇಟು ಅಂತ 10:15ಕ್ಕೆ ಬರ್ತಾನೆ, ಅಲ್ಲಿವರೆಗೆ ಫ್ಲೋರ್ ಬಿಟ್ಟು ಕದಲೋ ಹಾಗಿಲ್ಲ, ಆಮೇಲೆ ಕೂತು ಪ್ರೊಡಕ್ಷನ್ ಶೀಟ್ ಕಂಪ್ಯೂಟರ್‌ಗೆ ಹಾಕಬೇಕು, ರಿಜೆಕ್ಷನ್ ಬಿನ್ ಎಣಿಸಿ ಟ್ಯಾಗ್ ಬರೀಬೇಕು, ಮ್ಯಾನೇಜರ್‌ಗೆ ಬೋರ್ಡಿನ ಫೋಟೋ ಕಳಿಸಬೇಕು. ಕೊನೇ ಮೆಟ್ರೋ ಸಿಗತ್ತೋ ಇಲ್ವೋ ಅನ್ಕೊಂಡೇ ಗೇಟ್ ದಾಟ್ತಿದ್ದೆ.

ಕಂಪನಿ ಕೆಲಸಕ್ಕೆ, ಕಂಪನಿ ಹೇಳಿದ್ದಕ್ಕೆ ಅಥವಾ ಕಂಪನಿಗೆ ಗೊತ್ತಿದ್ದೂ ನಡೀತಿರೋ ಹೊತ್ತು ಎಲ್ಲ ಕೆಲಸದ ಹೊತ್ತೇ. ಲೆಕ್ಕ ಅಲ್ಲಿಂದ ಶುರು ಮಾಡಿ.

ಆಪರೇಟರ್ ಒಟಿ ಸ್ಲಿಪ್‌ಗೆ ನಾನೇ ಸೈನ್ ಹಾಕ್ತೀನಿ, ನನಗೆ ಮಾತ್ರ ಒಟಿ ಇಲ್ಲ. ಇದು ಯಾವ ನ್ಯಾಯ?

ಈ ಸಂಕಟ ನನಗೆ ಚೆನ್ನಾಗಿ ಗೊತ್ತು. ಡಿಸ್ಪ್ಯಾಚ್ ಜೋರಿದ್ದ ತಿಂಗಳು ನನ್ನ ಕೈಕೆಳಗಿನ ಸೀನಿಯರ್ ಆಪರೇಟರ್ ನನಗಿಂತ ಜಾಸ್ತಿ ಸಂಬಳ ತಗೊಂಡು ಹೋಗಿದ್ದಾನೆ, ಅವನ ಜೊತೆನೇ ನಾನೂ ನಿಂತಿದ್ದೆ. ಅವನಿಗೆ ಸಿಕ್ಕಿದ್ದು ನ್ಯಾಯವಾಗಿ ಅವನದ್ದೇ, ಅದರ ಬಗ್ಗೆ ಹೊಟ್ಟೆಕಿಚ್ಚು ಬೇಡ.

ಕಂಪನಿ ಹೇಳೋ ಕಾರಣ "ನೀವು ಸ್ಟಾಫ್ ಗ್ರೇಡ್" ಅಂತ. ಪ್ರಮೋಷನ್ ಲೆಟರ್ ಕೊಟ್ಟ ದಿನ ಬಯೋಮೆಟ್ರಿಕ್ ಸಿಸ್ಟಮ್‌ನಲ್ಲಿ ನಿಮ್ಮ ಕೆಟಗರಿ ಬದಲಾಗತ್ತೆ, ಆಮೇಲೆ ನೀವು ಎಷ್ಟು ಹೊತ್ತಿಗೆ ಪಂಚ್ ಔಟ್ ಮಾಡಿದ್ರೂ ಒಟಿ ಕಾಲಮ್ ಖಾಲಿನೇ. ಪಂಚ್ ಟೈಮ್ ಮಾತ್ರ ಅದರಲ್ಲಿ ಇರತ್ತೆ, ಅದು ನೆನಪಿರಲಿ, ಮುಂದೆ ಬೇಕಾಗತ್ತೆ.

ಕಾನೂನು ಏನು ಹೇಳತ್ತೆ? ಸೂಪರ್‌ವೈಸರ್‌ಗೆ ಒಟಿ ಇಲ್ವೇ ಇಲ್ವಾ?

"ಸೂಪರ್‌ವೈಸರ್‌ಗೆ ಇಲ್ಲ" ಅನ್ನೋದು ಪೂರ್ತಿ ನಿಜ ಅಲ್ಲ. 2025ರ ನವೆಂಬರ್ 21ರಿಂದ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ, 1948ರ ಫ್ಯಾಕ್ಟರಿ ಕಾಯ್ದೆ ಜಾಗಕ್ಕೆ ಸುರಕ್ಷತೆ ಮತ್ತು ಕೆಲಸದ ಪರಿಸ್ಥಿತಿಯ ಸಂಹಿತೆ ಬಂದಿದೆ. ಅದರಲ್ಲೂ ಒಟಿಗೆ ಡಬಲ್ ರೇಟೇ, ಆದ್ರೆ ಅದು "ವರ್ಕರ್" ಅನ್ನಿಸ್ಕೊಂಡವರಿಗೆ. ಮೇಲ್ವಿಚಾರಣೆ ಕೆಲಸ ಮಾಡೋರಲ್ಲಿ ತಿಂಗಳ ವೇತನ 18,000 ರೂಪಾಯಿ ದಾಟಿದವರನ್ನ ಮಾತ್ರ ವರ್ಕರ್ ಪಟ್ಟಿಯಿಂದ ಹೊರಗಿಟ್ಟಿದ್ದಾರೆ. ಅಂದ್ರೆ 18,000ದ ಒಳಗಿರೋ ಸೂಪರ್‌ವೈಸರ್ ವರ್ಕರೇ.

ಇಲ್ಲಿ ಎಲ್ಲರೂ ಎಡವೋದು "ವೇತನ" ಅನ್ನೋ ಪದದಲ್ಲಿ. ಅದು ಬ್ಯಾಂಕಿಗೆ ಬೀಳೋ ದುಡ್ಡಲ್ಲ, ಸಿಟಿಸಿನೂ ಅಲ್ಲ. ಒಂದು ಪೇ ಸ್ಲಿಪ್ ತಗೊಳ್ಳಿ: ಬೇಸಿಕ್ ಮತ್ತು ಡಿಎ ಸೇರಿ 15,200, ಎಚ್‌ಆರ್‌ಎ 6,080, ಕನ್ವೇಯನ್ಸ್ 1,600. ಗ್ರಾಸ್ 22,880. ನೋಡಿದ ತಕ್ಷಣ "ಓ ನಾನು 18,000 ದಾಟಿದ್ದೀನಿ" ಅನ್ಸತ್ತೆ. ಆದ್ರೆ ಎಚ್‌ಆರ್‌ಎ, ಕನ್ವೇಯನ್ಸ್ ಎರಡೂ ವೇತನದ ಲೆಕ್ಕಕ್ಕೆ ಬರಲ್ಲ, ಹಾಗಾಗಿ ಇವರ ವೇತನ 15,200, ಗೆರೆಯ ಒಳಗೇ ಇದ್ದಾರೆ. ಹೀಗೆ ಹೊರಗಿಡೋ ಬಾಬ್ತು ಒಟ್ಟು ಸಂಭಾವನೆಯ ಅರ್ಧಕ್ಕಿಂತ ಜಾಸ್ತಿ ಆದ್ರೆ ಮಾತ್ರ ಆ ಜಾಸ್ತಿ ಆಗಿದ್ದನ್ನ ವಾಪಸ್ ವೇತನಕ್ಕೆ ಸೇರಿಸ್ತಾರೆ, ಇಲ್ಲಿ ಅಷ್ಟು ಆಗಿಲ್ಲ. ಇನ್ನೊಂದು ವಿಷಯ, ಇದೇ ಸ್ಲಿಪ್‌ನಲ್ಲಿ "ಸ್ಪೆಷಲ್ ಅಲೊಯನ್ಸ್" ಅಂತ 4,000 ಇದ್ದಿದ್ರೆ ಅದು ಹೊರಗಿಡೋ ಪಟ್ಟಿಯಲ್ಲಿ ಇಲ್ಲ, ವೇತನ 19,200 ಆಗಿ ಗೆರೆ ದಾಟಿಬಿಡ್ತಿತ್ತು. ಅದಕ್ಕೇ ಸ್ಲಿಪ್‌ನ ಒಂದೊಂದು ಸಾಲೂ ಓದಬೇಕು.

ನನ್ನ ವೇತನ 18,000 ದಾಟಿದೆ. ಹಾಗಾದ್ರೆ ಕಥೆ ಮುಗೀತಾ?

ಡಬಲ್ ರೇಟ್ ಒಟಿ ಕಾನೂನಿನ ಹಕ್ಕು ಅಂತ ಎದೆ ತಟ್ಟಿ ಹೇಳೋಕೆ ಕಷ್ಟ ಆಗತ್ತೆ, ಆದ್ರೆ ಎರಡು ದಾರಿ ಇವೆ. ಒಂದು, ಹುದ್ದೆಯ ಹೆಸರು ಮುಖ್ಯ ಅಲ್ಲ, ನೀವು ಮುಖ್ಯವಾಗಿ ಮಾಡೋ ಕೆಲಸ ಯಾವುದು ಅನ್ನೋದೇ ಮುಖ್ಯ ಅಂತ ಕೋರ್ಟುಗಳು ಮತ್ತೆ ಮತ್ತೆ ಹೇಳಿವೆ. ಲೆಟರ್‌ನಲ್ಲಿ ಸೂಪರ್‌ವೈಸರ್ ಅಂತಿದ್ರೂ ದಿನದ ಬಹುಪಾಲು ನೀವೇ ಮಷೀನ್ ಸೆಟ್ ಮಾಡ್ತಾ, ಇನ್ಸರ್ಟ್ ಬದಲಾಯಿಸ್ತಾ, ಪಾರ್ಟ್ ಲೋಡ್ ಮಾಡ್ತಾ ಇದ್ರೆ, ರಜೆ ಕೊಡೋ ಅಧಿಕಾರ, ಮೆಮೋ ಕೊಡೋ ಅಧಿಕಾರ ಯಾವುದೂ ನಿಮ್ಮ ಹತ್ರ ಇಲ್ಲದಿದ್ರೆ, ಆ ಪ್ರಶ್ನೆ ಇನ್ನೂ ತೆರೆದೇ ಇರತ್ತೆ. ಇದನ್ನ ಕಾರ್ಮಿಕ ವಕೀಲರ ಹತ್ರ ಪೇಪರ್ ತೋರಿಸಿ ಕೇಳಬೇಕು, ಟೀ ಅಂಗಡಿಯಲ್ಲಿ ತೀರ್ಮಾನ ಮಾಡೋದಲ್ಲ.

ಎರಡನೇದು, ಮಾತುಕತೆ. ನಿಜ ಹೇಳಬೇಕಂದ್ರೆ ಗೆರೆಯ ಒಳಗಿರೋರಿಗೂ ಮೊದಲು ಕೆಲಸ ಮಾಡೋದು ಇದೇ.

ಸರಿ, ಎಲ್ಲಿಂದ ಶುರು ಮಾಡ್ಲಿ?

ಬಾಯಿ ತೆರೆಯೋ ಮುಂಚೆ ನಾಲ್ಕು ವಾರ ಬರೀರಿ. ಎಷ್ಟು ಹೊತ್ತು ಅಂತ ಮಾತ್ರ ಅಲ್ಲ, ಯಾಕೆ ಅಂತ. ನಾನು ಜೇಬಿನ ಡೈರಿಯಲ್ಲಿ ಪ್ರತಿ ದಿನ ಎರಡು ಸಾಲು ಬರೀತಿದ್ದೆ, ಬಂದ ಟೈಮ್, ಹೋದ ಟೈಮ್, ಕಾರಣ. 24 ಕೆಲಸದ ದಿನಕ್ಕೆ ಒಟ್ಟು 33 ಗಂಟೆ ಬಂತು. ಅದರಲ್ಲಿ ಶಿಫ್ಟಿಗೆ ಮುಂಚೆ ಬಂದು ಹ್ಯಾಂಡೋವರ್ ತಗೊಂಡಿದ್ದು 10 ಗಂಟೆ, ಸಿ ಶಿಫ್ಟ್‌ನವನಿಗೆ ಕಾದಿದ್ದು 6 ಗಂಟೆ, ಶೀಟ್ ಹಾಕೋದು, ರಿಜೆಕ್ಷನ್ ಎಣಿಸೋದು, ಫೋಟೋ ಕಳಿಸೋದು 9 ಗಂಟೆ, ನಿಜವಾದ ಅರ್ಜೆಂಟ್ ಅಂದ್ರೆ ಸ್ಪಿಂಡಲ್ ಬ್ರೇಕ್‌ಡೌನ್, ಡಿಸ್ಪ್ಯಾಚ್ ಅಂಥವು 8 ಗಂಟೆ.

ಈ ಲೆಕ್ಕ ನೋಡಿ ನನಗೇ ಆಶ್ಚರ್ಯ ಆಯ್ತು. ನಾನು ಅಲ್ಲಿವರೆಗೆ "ಕಂಪನಿಗೆ ಕಷ್ಟ ಬಂದಾಗ ನಿಲ್ತೀನಿ" ಅನ್ಕೊಂಡಿದ್ದೆ, ಆದ್ರೆ ಕಷ್ಟಕ್ಕೆ ನಿಂತಿದ್ದು ಬರೀ 8 ಗಂಟೆ, ಉಳಿದ 25 ಗಂಟೆ ದಿನಾ ನಡೆಯೋ ಮಾಮೂಲಿ ಕೆಲಸ, ಶಿಫ್ಟ್ ಒಳಗೆ ಜಾಗನೇ ಇಟ್ಟಿರಲಿಲ್ಲ ಅದಕ್ಕೆ. ಮ್ಯಾನೇಜರ್ ಹತ್ರ ಮಾತಾಡೋಕೆ ಇದೇ ಬೇಕಾಗಿದ್ದು. "ತುಂಬಾ ಹೊತ್ತು ಆಗತ್ತೆ ಸರ್" ಅಂದ್ರೆ "ಎಲ್ಲರಿಗೂ ಆಗತ್ತೆ" ಅಂತಾರೆ, "ಶೀಟ್ ಹಾಕೋಕೆ ತಿಂಗಳಿಗೆ 9 ಗಂಟೆ ಹೋಗ್ತಿದೆ ಸರ್" ಅಂದ್ರೆ ಅದಕ್ಕೆ ಏನಾದ್ರೂ ಉತ್ತರ ಹೇಳಲೇಬೇಕಾಗತ್ತೆ.

ಬರೆದಿದ್ದು ಪಂಚ್ ಟೈಮ್‌ಗೆ ಹೊಂದ್ಬೇಕು. ಎಚ್‌ಆರ್ ಪೋರ್ಟಲ್‌ನಲ್ಲಿ ನಿಮ್ಮ ಹಾಜರಾತಿ ಕಾಣಿಸಿದ್ರೆ ಪ್ರತಿ ವಾರ ನೋಡ್ಕೊಳ್ಳಿ. ಕ್ಯಾಂಟೀನ್‌ನಲ್ಲಿ ಕೂತ ಹೊತ್ತು, ಸ್ನೇಹಿತನ ಬೈಕಿಗೆ ಕಾದ ಹೊತ್ತು ಸೇರಿಸ್ಬೇಡಿ, ಅಂಥದ್ದು ಒಂದು ಸಿಕ್ಕಿಬಿದ್ರೆ ಪೂರ್ತಿ ಡೈರಿ ಸುಳ್ಳು ಅನ್ನಿಸ್ಕೊಳ್ಳತ್ತೆ. ಕಂಪನಿಯ ಪ್ರೊಡಕ್ಷನ್ ಶೀಟು, ಡ್ರಾಯಿಂಗು ಇವನ್ನ ಮನೆಗೆ ಕಳಿಸ್ಕೊಂಡು ಸಾಕ್ಷಿ ಮಾಡ್ಕೊಳ್ಳೋಕೆ ಹೋಗ್ಬೇಡಿ, ಮಾತು ಒಟಿ ಬಿಟ್ಟು ಮಾಹಿತಿ ಕಳವು ಅನ್ನೋ ಕಡೆ ತಿರುಗತ್ತೆ.

ಯಾರ ಹತ್ರ ಮೊದಲು ಹೋಗ್ಬೇಕು, ಎಚ್‌ಆರ್ ಹತ್ರನಾ?

ಬೇಡ. ಮೊದಲು ನಿಮ್ಮ ಪ್ರೊಡಕ್ಷನ್ ಮ್ಯಾನೇಜರ್. ನೀವು ನೇರ ಎಚ್‌ಆರ್‌ಗೆ ಹೋದ್ರೆ ಎಚ್‌ಆರ್ ಮೊದಲು ಮಾಡೋ ಫೋನ್ ಅವರಿಗೇ, ಆಗ ಅವರಿಗೆ ಕೇಳ್ಸೋದು ನಿಮ್ಮ ಕಷ್ಟ ಅಲ್ಲ, "ನನ್ನ ಮೇಲೆ ಕಂಪ್ಲೇಂಟ್" ಅಂತ. ಅಪ್ರೈಸಲ್ ಬರೆಯೋರೂ ಅವರೇ.

ದಿನ ನೋಡಿ ಹೋಗಿ. ತಿಂಗಳ ಕೊನೇ ವಾರ, ಕಸ್ಟಮರ್ ಆಡಿಟ್ ದಿನ, ರಿಜೆಕ್ಷನ್ ಜಾಸ್ತಿ ಬಂದ ಮಾರನೇ ದಿನ ಬೇಡ. ನಾನು ತಿಂಗಳ ಮೊದಲ ವಾರ ಬೆಳಿಗ್ಗೆ, ಮೀಟಿಂಗ್ ಮುಗಿದ ಮೇಲೆ, "ಸರ್, ಹ್ಯಾಂಡೋವರ್ ವಿಷಯ ಒಂದು ಹದಿನೈದು ನಿಮಿಷ ಮಾತಾಡ್ಬೇಕಿತ್ತು, ನಿಮಗೆ ಯಾವಾಗ ಫ್ರೀ ಆಗತ್ತೆ" ಅಂತ ಕೇಳಿದೆ. ಫ್ಲೋರ್ ಮೇಲೆ ಆಪರೇಟರ್‌ಗಳ ಮುಂದೆ ಈ ಮಾತು ತೆಗೀಲೇಬೇಡಿ, ಅಲ್ಲಿ ಅವರು ಒಪ್ಪೋಕೆ ಆಗಲ್ಲ, ನಿಮಗೂ ಬೈಸ್ಕೊಂಡು ಮರ್ಯಾದೆ ಕಳ್ಕೊಳ್ಳೋದು ತಪ್ಪಿದ್ದಲ್ಲ.

ಏನಂತ ಮಾತಾಡ್ಲಿ? ಬಾಯಿ ಕಟ್ಟತ್ತೆ.

ನಾನು ಆಡಿದ್ದನ್ನೇ ಹೇಳ್ತೀನಿ. ಒಂದು ಹಾಳೆಯಲ್ಲಿ ಆ ನಾಲ್ಕು ಸಾಲಿನ ಲೆಕ್ಕ ಬರ್ಕೊಂಡು ಹೋಗಿದ್ದೆ, ಟೇಬಲ್ ಮೇಲೆ ಇಟ್ಟು "ಸರ್, ಹೋದ ತಿಂಗಳು ನಾನು 33 ಗಂಟೆ ಜಾಸ್ತಿ ಇದ್ದೆ, ಅದರಲ್ಲಿ 8 ಗಂಟೆ ಬ್ರೇಕ್‌ಡೌನು, ಡಿಸ್ಪ್ಯಾಚು, ಅದಕ್ಕೆ ಮುಂದೆನೂ ನಿಲ್ತೀನಿ, ಉಳಿದಿದ್ದನ್ನ ಕಮ್ಮಿ ಮಾಡೋಕೆ ನನ್ನ ಹತ್ರ ಎರಡು ಐಡಿಯಾ ಇದೆ, ಕಮ್ಮಿ ಆಗದೇ ಇದ್ದಿದ್ದಕ್ಕೆ ಲೆಕ್ಕ ಇರ್ಬೇಕು ಸರ್" ಅಂದೆ.

ಅವರು ಹಾಳೆ ನೋಡದೇನೇ "ನೀನೂ ಮ್ಯಾನೇಜ್‌ಮೆಂಟ್ ಸೈಡೇ ಕಣಯ್ಯ, ಆಪರೇಟರ್ ತರ ಗಂಟೆ ಎಣಿಸ್ತಿಯಲ್ಲ" ಅಂದ್ರು. ಈ ಮಾತು ನಿಮಗೂ ಬಂದೇ ಬರತ್ತೆ, ತಯಾರಾಗಿ ಹೋಗಿ. ನಾನು ಎದುರು ವಾದ ಮಾಡ್ಲಿಲ್ಲ. "ಸರ್, ಮಷೀನ್ ಗಂಟೆ ಎಣಿಸು ಅಂತ ನೀವೇ ಹೇಳ್ಕೊಟ್ಟಿದ್ದು, ಅದೇ ತರ ನನ್ನ ಗಂಟೆನೂ ಎಣಿಸಿದೆ" ಅಂದೆ. ಆಮೇಲೆ ಹಾಳೆ ಎಳ್ಕೊಂಡು ಓದಿದ್ರು. ಸಿ ಶಿಫ್ಟ್‌ಗೆ ಕಾಯೋ 6 ಗಂಟೆ ಅವರಿಗೆ ಗೊತ್ತೇ ಇರಲಿಲ್ಲ, ಯಾಕಂದ್ರೆ ನಾವಿಬ್ಬರೂ ಪರಸ್ಪರ ಮುಚ್ಚಿಹಾಕ್ತಿದ್ವಿ.

ಏನು ಕೇಳ್ಬೇಕು? ದುಡ್ಡೇ ಕೇಳ್ಬೇಕಾ?

ವರ್ಕರ್ ಗೆರೆಯೊಳಗೆ ಇರೋರು ಮೊತ್ತ ಎಷ್ಟು ಅಂತ ತಿಳ್ಕೊಂಡಿರಬೇಕು. ಮೇಲಿನ ಸ್ಲಿಪ್‌ಗೆ ಅಂದಾಜು ಹೀಗೆ: 15,200 ಅನ್ನ 26 ದಿನ, 8 ಗಂಟೆಗೆ ಭಾಗಿಸಿದ್ರೆ ಗಂಟೆಗೆ ಸುಮಾರು 73 ರೂಪಾಯಿ, ಡಬಲ್ 146, 33 ಗಂಟೆಗೆ ಹತ್ತಿರ ಹತ್ತಿರ 4,800 ರೂಪಾಯಿ. ಮನೆ ಬಾಡಿಗೆಯ ಅರ್ಧ ಅದು, ಸಣ್ಣ ದುಡ್ಡಲ್ಲ.

ಆದ್ರೆ ಮೊದಲ ಮಾತಲ್ಲೇ ಎಲ್ಲಕ್ಕೂ ದುಡ್ಡು ಅಂದ್ರೆ ಮ್ಯಾನೇಜರ್ ಕೈಯಲ್ಲಿ ಅದು ಇರಲ್ಲ, ಪ್ಲಾಂಟ್ ಹೆಡ್ ಹತ್ರ ಹೋಗಿ ಬಜೆಟ್ ಕೇಳಬೇಕು, ಅಲ್ಲಿಗೆ ಫೈಲ್ ನಿಲ್ಲತ್ತೆ. ನಾನು ಮೂರು ಭಾಗ ಮಾಡಿದೆ. ಶೀಟ್ ಕೆಲಸ ಶಿಫ್ಟ್ ಒಳಗೇ ಮುಗಿಯೋ ಹಾಗೆ ಆಪರೇಟರ್‌ಗಳು ಗಂಟೆಗೊಮ್ಮೆ ಬೋರ್ಡಿಗೆ ಬರೀಲಿ, ರಿಜೆಕ್ಷನ್ ಎಂಟ್ರಿ ಕ್ವಾಲಿಟಿಯವರು ಮಾಡ್ಲಿ, ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ಹ್ಯಾಂಡೋವರ್‌ಗೆ 15 ನಿಮಿಷ ಅಂತ ಫಿಕ್ಸ್ ಮಾಡಿ ಅದಕ್ಕೊಂದು ಶಿಫ್ಟ್ ಅಲೊಯನ್ಸ್ ಕೊಡ್ಲಿ, ಇಬ್ಬರು ಸೂಪರ್‌ವೈಸರ್‌ಗೂ ಟೈಮ್ ಕಟ್ಟುನಿಟ್ಟು. ಬ್ರೇಕ್‌ಡೌನ್, ಡಿಸ್ಪ್ಯಾಚ್‌ಗೆ ನಿಂತ ಹೊತ್ತಿಗೆ ಅವತ್ತೇ ಮ್ಯಾನೇಜರ್ ಒಂದು ಸಾಲು ಮೆಸೇಜ್ ಹಾಕ್ಲಿ, ಅದು ಕಾಂಪ್ ಆಫ್ ಆಗಿ 30 ದಿನದೊಳಗೆ ಸಿಗ್ಲಿ.

ಮೂರು ತಿಂಗಳು ಹಿಡೀತು. ಆಮೇಲೆ ಲೆಕ್ಕ ಹಾಕಿದ್ರೆ 33 ಗಂಟೆ 18ಕ್ಕೆ ಇಳಿದಿತ್ತು: ಹ್ಯಾಂಡೋವರ್ 6, ಶೀಟ್ 3, ಕಾಯೋದು 1, ಅರ್ಜೆಂಟ್ 8. ಹ್ಯಾಂಡೋವರ್‌ಗೆ ಅಲೊಯನ್ಸ್, ಅರ್ಜೆಂಟ್‌ಗೆ ಕಾಂಪ್ ಆಫ್ ಬಂತು. ಹಿಂದಿನ ಬಾಕಿಗೆ ಏನೂ ಸಿಗಲಿಲ್ಲ, ಅದು ನನಗೆ ಇವತ್ತಿಗೂ ನೋವೇ.

ಕಾಂಪ್ ಆಫ್ ಬಗ್ಗೆ ಒಂದು ಮಾತು: ವರ್ಕರ್ ಗೆರೆಯೊಳಗಿರೋರಿಗೆ ಒಟಿ ದುಡ್ಡಿನ ಬದಲು ಇದು ಸಾಕು ಅಂತ ನೀವಾಗಿ ಬರೆದುಕೊಡ್ಬೇಡಿ. ಯಾರಿಗೇ ಆಗ್ಲಿ, ತಾರೀಖು ಇಲ್ಲದ ಕಾಂಪ್ ಆಫ್ ಬೇಡ, "ಆಮೇಲೆ ತಗೋ" ಅಂದಿದ್ದು ಮಾರ್ಚ್‌ನಲ್ಲಿ ಸದ್ದಿಲ್ಲದೆ ಲ್ಯಾಪ್ಸ್ ಆಗಿರತ್ತೆ.

ಬಾಯಲ್ಲಿ ಒಪ್ಕೊಂಡ್ರು, ಬರವಣಿಗೆಯಲ್ಲಿ ಕೊಡ್ತಿಲ್ಲ. ಏನ್ ಮಾಡ್ಲಿ?

ಅವರು ಬರೀಬೇಕಾಗಿಲ್ಲ, ನೀವೇ ಬರೀರಿ. ಅವತ್ತು ಸಂಜೆನೇ ಒಂದು ಸಣ್ಣ ಮೇಲ್: "ಇವತ್ತು ಮಾತಾಡಿದ ಪ್ರಕಾರ ಸೋಮವಾರದಿಂದ ರಿಜೆಕ್ಷನ್ ಎಂಟ್ರಿ ಕ್ವಾಲಿಟಿಯವರು ಮಾಡ್ತಾರೆ, ಬ್ರೇಕ್‌ಡೌನ್‌ಗೆ ನಿಂತ ದಿನ ನಿಮಗೆ ತಿಳಿಸಿ ಕಾಂಪ್ ಆಫ್ ಹಾಕ್ತೀನಿ, ಸಮಯ ಕೊಟ್ಟಿದ್ದಕ್ಕೆ ಥ್ಯಾಂಕ್ಸ್ ಸರ್." ಎಚ್‌ಆರ್‌ಗೆ ಕಾಪಿ ಹಾಕ್ಬೇಡಿ, ಅದು ಬೆದರಿಕೆ ತರ ಕಾಣತ್ತೆ. ಆರು ವಾರ ಕಾದು ಏನೂ ಆಗ್ಲಿಲ್ಲ ಅಂದ್ರೆ ಅದೇ ಮೇಲ್‌ಗೆ ಉತ್ತರವಾಗಿ ಹೊಸ ಲೆಕ್ಕ ಹಾಕಿ, "ಇದನ್ನ ಎಚ್‌ಆರ್ ಜೊತೆ ಕೂತು ಮಾತಾಡೋಣ್ವಾ ಸರ್, ನೀವೂ ಬನ್ನಿ" ಅಂತ ಅವರನ್ನ ಕರ್ಕೊಂಡೇ ಹೋಗಿ.

"ಪಂಚ್ ಔಟ್ ಮಾಡಿ ಬಂದು ಕೆಲಸ ಮುಂದುವರಿಸು" ಅಂತಾರೆ. ಮಾಡ್ಬಹುದಾ?

ದಯವಿಟ್ಟು ಮಾಡ್ಬೇಡಿ. ದುಡ್ಡಿನ ಮಾತು ಆಮೇಲೆ. ಪಂಚ್ ಔಟ್ ಆದ್ಮೇಲೆ ಫ್ಲೋರ್ ಮೇಲೆ ಕೈ ಸಿಕ್ಕಿಹಾಕ್ಕೊಂಡ್ರೆ, ಪಾಲಿಶ್ ನೆಲದ ಮೇಲೆ ಕೂಲೆಂಟ್‌ಗೆ ಜಾರಿ ಬಿದ್ರೆ, ನೀವು ಆ ಹೊತ್ತಲ್ಲಿ ಕೆಲಸದಲ್ಲಿದ್ರಿ ಅಂತ ತೋರ್ಸೋದೇ ದೊಡ್ಡ ಹೋರಾಟ ಆಗತ್ತೆ. ತಿಂಗಳ ವೇತನ 21,000ದ ಒಳಗಿದ್ದು ಇಎಸ್‌ಐ ಇರೋರಿಗೂ ಕೆಲಸದಲ್ಲಿ ಆದ ಗಾಯ ಅಂತ ಕ್ಲೇಮ್ ಮಾಡುವಾಗ ಕಂಪನಿ ರೆಕಾರ್ಡ್ "ಈತ 10:02ಕ್ಕೆ ಹೊರಗೆ ಹೋಗಿದ್ದ" ಅನ್ನತ್ತೆ. "ಸರ್, ಸೇಫ್ಟಿ ವಿಷಯ, ಕೆಲಸ ಮುಗಿಸಿ ಪಂಚ್ ಮಾಡ್ತೀನಿ" ಅಂತ ಹೇಳಿ. ಇದಕ್ಕೆ ಯಾವ ಮ್ಯಾನೇಜರ್‌ಗೂ ಎದುರು ಮಾತಾಡೋದು ಕಷ್ಟ.

ಎಲ್ಲ ಸೂಪರ್‌ವೈಸರ್‌ಗಳೂ ಸೇರಿ ಹೋದ್ರೆ ಒಳ್ಳೇದಲ್ವಾ?

ಲೆಕ್ಕ ಎಲ್ಲರೂ ಬರೀರಿ, ಮಾತಾಡೋಕೆ ಇಬ್ಬರು ಹೋಗಿ. ಎಂಟು ಜನ ಕ್ಯಾಬಿನ್‌ಗೆ ನುಗ್ಗಿದ್ರೆ ಅದು ಮುತ್ತಿಗೆ ತರ ಆಗತ್ತೆ, ಆಮೇಲೆ "ಯಾರು ಶುರು ಮಾಡಿದ್ದು" ಅನ್ನೋ ಹುಡುಕಾಟ. ಬೇರೆ ಬೇರೆ ಶಿಫ್ಟ್‌ನ ಇಬ್ಬರು, ಒಬ್ಬರಾದ್ರೂ ಮ್ಯಾನೇಜರ್ ನಂಬೋ ಹಳಬರು. ವಾಟ್ಸಾಪ್ ಗ್ರೂಪ್‌ನಲ್ಲಿ ಮ್ಯಾನೇಜರ್ ಬಗ್ಗೆ ಬರೆಯೋದು ನಿಲ್ಸಿ, ಸ್ಕ್ರೀನ್‌ಶಾಟ್ ಆಚೆ ಹೋಗೇ ಹೋಗತ್ತೆ.

ನಾಳೆಯಿಂದ ಬೆಲ್ ಹೊಡೆದ ತಕ್ಷಣ ಎದ್ದು ಹೋಗ್ಬಿಡ್ಲಾ? ಆಗ ಬುದ್ಧಿ ಬರತ್ತೆ.

ಕೋಪ ಅರ್ಥ ಆಗತ್ತೆ, ಆದ್ರೆ ಹ್ಯಾಂಡೋವರ್ ಮಾಡದೆ ಹೋದ ರಾತ್ರಿ ಸೈಜ್ ತಪ್ಪಿ ಇನ್ನೂರು ಪೀಸ್ ಸ್ಕ್ರ್ಯಾಪ್ ಆದ್ರೆ ಮೆಮೋ ನಿಮ್ಮ ಹೆಸರಿಗೇ, ಜೊತೆಗೆ ಸಿಕ್ಕಿಬೀಳೋದು ಸಿ ಶಿಫ್ಟ್‌ನ ನಿಮ್ಮಂಥವನೇ ಒಬ್ಬ. ಮೊದಲೇ ಹೇಳಿ ಹೊರಡೋದು ಬೇರೆ: "ಸರ್, ಇವತ್ತು 10:15ಕ್ಕೆ ಹೊರಡ್ತೀನಿ, ಲಾಗ್ ಬುಕ್ ಬರೆದಿದ್ದೀನಿ, ಶೀಟ್ ನಾಳೆ ಶಿಫ್ಟ್‌ನಲ್ಲಿ ಹಾಕ್ತೀನಿ." ವಾರಕ್ಕೆ ಎರಡು ದಿನ ಹೀಗೆ ಶುರು ಮಾಡಿ. ಯಾವ ಕೆಲಸ ನಿಜವಾಗ್ಲೂ ಅವತ್ತೇ ಆಗಬೇಕಿತ್ತು, ಯಾವುದು ಅಭ್ಯಾಸಕ್ಕೆ ನಡೀತಿತ್ತು ಅಂತ ಅವರಿಗೂ ಗೊತ್ತಾಗತ್ತೆ.

ಕೇಳಿದ್ಮೇಲೆ ನನ್ನನ್ನ ಬರೀ ನೈಟ್ ಶಿಫ್ಟ್‌ಗೆ ಹಾಕ್ತಿದ್ದಾರೆ. ಸೇಡಾ?

ಇರಬಹುದು, ಇಲ್ಲದೇನೂ ಇರಬಹುದು. ಹಿಂದಿನ ಆರು ತಿಂಗಳ ಶಿಫ್ಟ್ ಚಾರ್ಟ್ ಪಕ್ಕ ಇಟ್ಟು ನೋಡಿ. ಎಲ್ಲರಿಗೂ ವಾರ ವಾರ ಬದಲಾಗ್ತಿದ್ದು ನಿಮಗೊಬ್ಬರಿಗೇ ಐದು ವಾರ ನೈಟ್ ಬಂದಿದ್ರೆ ಅದನ್ನ ತೋರ್ಸಿ "ರೊಟೇಷನ್‌ನಲ್ಲಿ ನನ್ನ ಸರದಿ ಯಾವಾಗ ಬರತ್ತೆ ಸರ್" ಅಂತ ಮೇಲ್ ಹಾಕಿ. ಸೇಡು ಅನ್ನೋ ಪದ ಬಳಸ್ಬೇಡಿ. ಸುಮ್ನೆ ಕೊಡೋ ವಾರ್ನಿಂಗ್ ಲೆಟರ್‌ಗೆ ಉತ್ತರ ಕೊಡದೆ ಬಿಡ್ಬೇಡಿ, ಎರಡೇ ಸಾಲು ಆದ್ರೂ ಬರೆದುಕೊಟ್ಟು ರಿಸೀವ್ಡ್ ಸೈನ್ ಹಾಕಿಸ್ಕೊಳ್ಳಿ.

ಏನೂ ಆಗ್ಲಿಲ್ಲ ಅಂದ್ರೆ ಕಾರ್ಮಿಕ ಇಲಾಖೆಗೆ ಹೋಗ್ಬಹುದಾ?

ಹೋಗ್ಬಹುದು. ಬನ್ನೇರುಘಟ್ಟ ರೋಡ್‌ನಲ್ಲಿ ಕಾರ್ಮಿಕ ಭವನ ಇದೆ, ಅಲ್ಲಿ ವಿಚಾರಿಸಿ. ವೇತನ ಸಂಹಿತೆಯಲ್ಲಿ ಬಾಕಿ ಕೇಳೋಕೆ ಮೂರು ವರ್ಷದ ಅವಧಿ ಇದೆ, ಹಾಗಾಗಿ ಕೋಪದಲ್ಲಿ ಇವತ್ತೇ ಓಡ್ಬೇಕು ಅಂತೇನಿಲ್ಲ. ಹೋಗುವಾಗ ಅಪಾಯಿಂಟ್‌ಮೆಂಟ್ ಲೆಟರ್, ಪ್ರಮೋಷನ್ ಲೆಟರ್, ಪೇ ಸ್ಲಿಪ್‌ಗಳು, ನಿಮ್ಮ ಹಾಜರಾತಿ ಪ್ರತಿ, ಡೈರಿ, ಮ್ಯಾನೇಜರ್‌ಗೆ ಹಾಕಿದ ಮೇಲ್ ಇಷ್ಟು ಇರ್ಲಿ. ಹೆಸರಿಲ್ಲದ ದೂರು ಕೊಟ್ರೆ ಗೊತ್ತಾಗಲ್ಲ ಅನ್ಕೋಬೇಡಿ, ಹತ್ತು ಜನ ಸೂಪರ್‌ವೈಸರ್ ಇರೋ ಫ್ಯಾಕ್ಟರಿಯಲ್ಲಿ ಅದೇ ತಿಂಗಳು ಒಟಿ ಕೇಳಿದವರು ಯಾರು ಅಂತ ಎಲ್ಲರಿಗೂ ಗೊತ್ತಿರತ್ತೆ. ಅದಕ್ಕೇ ಬಹಳ ಜನ ಕಂಪನಿ ಬಿಟ್ಟ ಮೇಲೆ ಕ್ಲೇಮ್ ಹಾಕ್ತಾರೆ. ಬಿಡೋ ಮುಂಚೆ ಪೋರ್ಟಲ್‌ನಿಂದ ನಿಮ್ಮ ಸ್ಲಿಪ್, ನಿಮ್ಮ ಹಾಜರಾತಿ ಇಳಿಸ್ಕೊಳ್ಳಿ, ರಿಲೀವ್ ಆದ ದಿನ ಸಂಜೆಗೇ ಲಾಗಿನ್ ಬಂದ್ ಆಗಿರತ್ತೆ.